ರೋಟಾ ಹನಿ ಪೂರ್ತಿ ಹಾಕಿಸಿದ್ದೇವೆ, ಆದರೂ ಮಗಳಿಗೆ ಮತ್ತೆ ಮತ್ತೆ ಭೇದಿ. ಯಾಕೆ?

ರೂಪಾ, ತಿಪಟೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 10 ತಿಂಗಳು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿನ ಲಸಿಕೆ ಎಲ್ಲಾ ಸರ್ಕಾರಿ ಆಸ್ಪತ್ರೆಯಲ್ಲೇ ಹಾಕಿಸಿದ್ದೇವೆ. ತಾಯಿ ಕಾರ್ಡಿನಲ್ಲಿ ರೋಟಾ 1, 2, 3 ಮೂರಕ್ಕೂ ತಾರೀಖು ಬರೆದಿದ್ದಾರೆ. ಆದರೂ ಆರು ತಿಂಗಳು ತುಂಬಿದ ಮೇಲೆ ನಾಲ್ಕು ಸಲ ಭೇದಿ ಆಗಿದೆ. ಒಂದು ವಾಸಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು. ತೂಕ ಎರಡು ತಿಂಗಳಿಂದ ನಿಂತಲ್ಲೇ ನಿಂತಿದೆ.

ನಮ್ಮ ಯಜಮಾನರು "ಹಾಗಾದರೆ ಆ ಹನಿ ಹಾಕಿಸಿ ಏನು ಬಂತು?" ಅಂತ ಕೇಳುತ್ತಾರೆ. ನನಗೂ ಉತ್ತರ ಗೊತ್ತಿಲ್ಲ. ಲಸಿಕೆ ಕೆಲಸ ಮಾಡಿಲ್ಲವಾ? ಮನೆಯಲ್ಲಿ ಏನು ಬದಲಾಯಿಸಬೇಕು?

ಮಂಜುನಾಥ್, ಬೆಂಗಳೂರು

ಎರಡು ಮಾತು ಹೇಳುತ್ತೇನೆ. ಮೊದಲನೆಯದು ನೀರು. ಆರ್‌ಓ ಹಾಕಿಸಿ, ಮುಕ್ಕಾಲು ಪಾಲು ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ನಮ್ಮ ಏರಿಯಾದಲ್ಲಿ ಟ್ಯಾಂಕರ್ ನೀರು, ಆದರೂ ಮಗನಿಗೆ ಏನೂ ಆಗಿಲ್ಲ. ಎರಡನೆಯದು, ಸರ್ಕಾರಿ ಹನಿಗಿಂತ ಪ್ರೈವೇಟ್‌ನಲ್ಲಿ ಸಿಗುವ ಫಾರಿನ್ ಲಸಿಕೆ ಜೋರು. ನಾವು ಅದನ್ನೇ ಹಾಕಿಸಿದ್ದು. ದುಡ್ಡು ಜಾಸ್ತಿ, ಆದರೆ ಎರಡೇ ಡೋಸ್.

ವಿಜಯಲಕ್ಷ್ಮಮ್ಮ, ಅರಸೀಕೆರೆ

ಮಗಳೇ ಗಾಬರಿಯಾಗಬೇಡ. ಆರು ತಿಂಗಳ ಮೇಲೆ ಅಂದರೆ ಹಲ್ಲು ಬರುವ ಕಾಲ. ಒಂದೊಂದು ಹಲ್ಲಿಗೂ ಒಂದೊಂದು ಸಲ ಭೇದಿ ಆಗಿಯೇ ಆಗುತ್ತದೆ. ಬಜೆ, ಜಾಯಿಕಾಯಿ ತೇಯ್ದು ಎದೆಹಾಲಿನಲ್ಲಿ ಕಲಸಿ ಒಳಲೆಯಲ್ಲಿ ಹಾಕು. ನಾನು ಸಾಕಿದ ಮಕ್ಕಳೆಲ್ಲ ಹಾಗೇ ಬೆಳೆದವು.

ಶಾರದಮ್ಮ, ಮಂಡ್ಯ (ನಿವೃತ್ತ ಆರೋಗ್ಯ ಸಹಾಯಕಿ)

ರೂಪಾ, ಹನಿ ವ್ಯರ್ಥವಾಯಿತು ಅಂತ ಈಗಲೇ ತೀರ್ಮಾನ ಮಾಡಬೇಡಮ್ಮ. ನಾಲ್ಕು ಸಲದ ಭೇದಿಯೂ ಒಂದೇ ಕಾರಣದಿಂದ ಬಂದಿರಬೇಕು ಅಂತಿಲ್ಲ. ಅದಕ್ಕೇ ಕೇಳುತ್ತೇನೆ, ಒಂದೊಂದನ್ನೂ ನೆನಪು ಮಾಡಿಕೊಂಡು ಬರಿ. ಮೊದಲು ವಾಂತಿ ಬಂತಾ, ಭೇದಿ ಬಂತಾ? ಜ್ವರ ಇತ್ತಾ? ನೀರು ನೀರಾಗಿತ್ತಾ, ಲೋಳೆ ಇತ್ತಾ, ರಕ್ತ ಇತ್ತಾ? ಎಷ್ಟು ದಿನ ಹೋಯಿತು? ಅದಕ್ಕೆ ಮುಂಚೆ ಯಾವುದಾದರೂ ಔಷಧಿ ಕೊಟ್ಟಿದ್ದಿರಾ? ಇನ್ನೊಂದು ಮುಖ್ಯವಾದ ಪ್ರಶ್ನೆ: ಹಗಲು ಹೊತ್ತು ಮಗುವಿಗೆ ಯಾರು ಉಣ್ಣಿಸುತ್ತಾರೆ, ಏನು, ಯಾವುದರಲ್ಲಿ, ಯಾವಾಗ ಬೇಯಿಸಿದ್ದು?

ರೂಪಾ, ತಿಪಟೂರು

ಬರೆಯುತ್ತೇನೆ ಅಮ್ಮ.

ಮೊದಲನೆಯದು ಜನವರಿಯಲ್ಲಿ, ಆರು ತಿಂಗಳು ತುಂಬಿದ ಹೊಸದರಲ್ಲಿ. ರಾತ್ರಿ ಇದ್ದಕ್ಕಿದ್ದಂತೆ ವಾಂತಿ, ಮೈ ಬಿಸಿ. ಮಾರನೇ ದಿನ ನೀರಿನಂಥ ಭೇದಿ, ಬಟ್ಟೆ ಬದಲಾಯಿಸಿ ಸಾಕಾಯಿತು. ಐದಾರು ದಿನ ಹೋಯಿತು. ಓಆರ್‌ಎಸ್ ಕುಡಿಸಿ, ಹಾಲು ಕುಡಿಸುತ್ತಾ ಮನೆಯಲ್ಲೇ ವಾಸಿಯಾಯಿತು, ಅಡ್ಮಿಟ್ ಮಾಡಲಿಲ್ಲ.

ಎರಡನೆಯದು ಫೆಬ್ರವರಿ. ಕೆಮ್ಮು, ಕಫ ಅಂತ ಒಂದು ಆಂಟಿಬಯಾಟಿಕ್ ಸಿರಪ್ ಕೊಟ್ಟಿದ್ದರು. ಅದು ಶುರುವಾದ ಮೇಲೆ ಸಡಿಲ ಆಯಿತು. ಜ್ವರ ಇಲ್ಲ, ವಾಂತಿ ಇಲ್ಲ. ಸಿರಪ್ ಮುಗಿದ ಮೇಲೆ ನಿಂತಿತು.

ಮಾರ್ಚ್ ಕೊನೆ, ಏಪ್ರಿಲ್ ಕೊನೆ ಎರಡೂ ಒಂದೇ ಥರ. ಹಸಿರು ಹಸಿರಾಗಿ, ಲೋಳೆ ಇತ್ತು. ರಕ್ತ ಇಲ್ಲ. ಹೊಟ್ಟೆ ನುಲಿದಂತೆ ಅಳುತ್ತಿದ್ದಳು.

ನಾನು ಶಾಲೆಗೆ ಹೋಗಲು ಶುರು ಮಾಡಿದ್ದು ಮಾರ್ಚ್‌ನಲ್ಲಿ. ಬೆಳಿಗ್ಗೆ ಏಳಕ್ಕೆ ರಾಗಿ ಸರಿ ಮಾಡಿ ಸ್ಟೀಲ್ ಡಬ್ಬಿಗೆ ಹಾಕಿ ಹೋಗುತ್ತೇನೆ. ಅತ್ತೆ ಹನ್ನೊಂದಕ್ಕೆ ಒಂದಿಷ್ಟು, ಮೂರಕ್ಕೆ ಒಂದಿಷ್ಟು ಬಿಸಿನೀರು ಕಲಸಿ ಉಣ್ಣಿಸುತ್ತಾರೆ. ಮಧ್ಯೆ ಬಾಟಲಿಯಲ್ಲಿ ಹಸುವಿನ ಹಾಲು, ಅರ್ಧ ನೀರು ಬೆರೆಸಿ. ಬಾಟಲಿಯನ್ನು ಬಿಸಿನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿ ತೊಳೆಯುತ್ತಾರೆ. ಕುಡಿಯುವ ನೀರು ಕುದಿಸಿದ್ದೇ.

ಶಾರದಮ್ಮ, ಮಂಡ್ಯ

ಇಷ್ಟು ವಿವರ ಸಾಕು. ನಾನು ಅಂದುಕೊಂಡಿದ್ದೇ ಕಾಣಿಸುತ್ತಿದೆ.

ಜನವರಿಯದು ನೋಡಿದರೆ ರೋಟಾದ ಚಹರೆಯೇ ಇದೆ. ಮೊದಲು ವಾಂತಿ, ಜ್ವರ, ಆಮೇಲೆ ನೀರು ಹರಿದಂತೆ ಭೇದಿ. ಚಳಿಗಾಲ ಬೇರೆ. ಬೇರೆ ವೈರಸ್ಸೂ ಹೀಗೇ ಮಾಡುತ್ತವೆ. ಮಲ ಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳಲು ಆಗುವುದಿಲ್ಲ, ಚಿಕಿತ್ಸೆ ಒಂದೇ ಆದ್ದರಿಂದ ಸಾಮಾನ್ಯವಾಗಿ ಯಾರೂ ಮಾಡಿಸುವುದೂ ಇಲ್ಲ. ಒಂದು ವೇಳೆ ರೋಟಾನೇ ಆಗಿದ್ದರೆ, ಲಸಿಕೆ ತನ್ನ ಕೆಲಸ ಮಾಡಿದೆ ಅಂತಲೇ ನಾನು ಹೇಳುತ್ತೇನೆ. ಮಗು ಡ್ರಿಪ್ ಹಾಕಿಸಿಕೊಳ್ಳದೆ ಮನೆಯಲ್ಲೇ ಚೇತರಿಸಿಕೊಂಡಿತು ಅಲ್ವಾ? ಈ ಹನಿ ಇರುವುದೇ ಅದಕ್ಕೆ. ರೋಟಾ ತಗುಲದಂತೆ ಗೋಡೆ ಕಟ್ಟುವುದಿಲ್ಲ, ತಗುಲಿದಾಗ ಮಗು ಒಣಗಿ ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋಗದಂತೆ ನೋಡಿಕೊಳ್ಳುತ್ತದೆ. ಅದೂ ನೂರಕ್ಕೆ ನೂರು ಮಕ್ಕಳಲ್ಲಿ ಅಲ್ಲ. ಹೈದರಾಬಾದಿನಲ್ಲಿ ತಯಾರಾಗುವ ರೋಟಾವ್ಯಾಕ್ ಅನ್ನು ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿದಾಗ, ಮೊದಲ ವರ್ಷದಲ್ಲಿ ತೀವ್ರವಾದ ರೋಟಾ ಭೇದಿ ನೂರರಲ್ಲಿ ಸುಮಾರು 56 ಪಾಲು ಕಡಿಮೆಯಾಯಿತು.

ಫೆಬ್ರವರಿಯದು ಬಹುಶಃ ಸಿರಪ್‌ನಿಂದ. ಆಂಟಿಬಯಾಟಿಕ್ ಕೊಟ್ಟಾಗ ಹೊಟ್ಟೆ ಸಡಿಲವಾಗುವುದು ತುಂಬಾ ಸಾಮಾನ್ಯ. ಮುಂದಿನ ಸಲ ಶೀತ ಕೆಮ್ಮು ಅಂದಾಗ "ಇದಕ್ಕೆ ಆಂಟಿಬಯಾಟಿಕ್ ಬೇಕೇ ಬೇಕಾ ಸಾರ್?" ಅಂತ ಡಾಕ್ಟರನ್ನು ಕೇಳು.

ಮಾರ್ಚ್, ಏಪ್ರಿಲ್ ಎರಡಕ್ಕೂ ನನ್ನ ಅನುಮಾನ ಆ ಡಬ್ಬಿ ಮತ್ತು ಬಾಟಲಿಯ ಮೇಲೆ. ಅದಕ್ಕೂ ರೋಟಾ ಹನಿಗೂ ಸಂಬಂಧವೇ ಇಲ್ಲ. ಬೇರೆ ಕ್ರಿಮಿ, ಬೇರೆ ದಾರಿ.

ಮಂಜುನಾಥ್, ಬೆಂಗಳೂರು

56 ಅಂದರೆ ಕಡಿಮೆಯೇ ಅಲ್ವಾ ಮೇಡಂ? ನಾನು ಹೇಳಿದ್ದು ಅದನ್ನೇ. ಯುರೋಪಿನಲ್ಲಿ ಫಾರಿನ್ ಲಸಿಕೆ 85ರ ಮೇಲಿದೆ ಅಂತ ಓದಿದ್ದೇನೆ.

ಶಾರದಮ್ಮ, ಮಂಡ್ಯ

ನೀವು ಓದಿದ್ದು ಸರಿ ಮಂಜುನಾಥ್ ಅವರೇ. ಆದರೆ ಅದೇ ರೋಟಾರಿಕ್ಸ್ ಲಸಿಕೆಯನ್ನು ಆಫ್ರಿಕಾದ ಮಲಾವಿಯಲ್ಲಿ ಪರೀಕ್ಷೆ ಮಾಡಿದಾಗ ಅರ್ಧದಷ್ಟೇ ಕಾಪಾಡಿತು. ಬಾಟಲಿ ಅದೇ, ಕಂಪನಿ ಅದೇ, ಊರು ಮಾತ್ರ ಬೇರೆ. ಬಡ ದೇಶಗಳಲ್ಲಿ ಬಾಯಿಗೆ ಹಾಕುವ ಲಸಿಕೆಗಳಿಗೆಲ್ಲ ಈ ತೊಂದರೆ ಇದೆ. ಹೊಟ್ಟೆಯಲ್ಲಿ ಆಗಲೇ ಬೇರೆ ಕ್ರಿಮಿಗಳಿರುತ್ತವೆ, ತಾಯಿಯಿಂದ ಬಂದ ರಕ್ಷಣೆಯೂ ಲಸಿಕೆಗೆ ಅಡ್ಡ ಬರುತ್ತದೆ ಅಂತ ಹೇಳುತ್ತಾರೆ. ಆದ್ದರಿಂದ ಯುರೋಪಿನ ಅಂಕಿಯನ್ನು ನಮ್ಮ ಊರಿನ ಅಂಕಿಯ ಪಕ್ಕ ಇಟ್ಟು ತೂಗಬೇಡಿ.

ನಮ್ಮಲ್ಲಿ ರೋಟಾ ಭೇದಿಯಾಗಿ ಆಸ್ಪತ್ರೆ ಸೇರುವ ಮಕ್ಕಳು ತುಂಬಾ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತಪ್ಪಿತು ಅಂದರೂ ಎಷ್ಟು ಮಕ್ಕಳು ಅಂತ ಯೋಚನೆ ಮಾಡಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಳಿಗಾಲ ಬಂತೆಂದರೆ, ಕಣ್ಣು ಗುಳಿ ಬಿದ್ದ ಕೂಸುಗಳನ್ನು ಸೆರಗಲ್ಲಿ ಸುತ್ತಿಕೊಂಡು ಓಡಿ ಬರುತ್ತಿದ್ದರು. ಆಗ ಈ ಹನಿ ಇರಲಿಲ್ಲ. ಸರ್ಕಾರದ ಲಸಿಕೆ ಪಟ್ಟಿಗೆ 2016ರಲ್ಲಿ ಮೊದಲು ನಾಲ್ಕು ರಾಜ್ಯಗಳಲ್ಲಿ ಬಂತು, 2019ರ ಹೊತ್ತಿಗೆ ದೇಶದ ಎಲ್ಲ ಕಡೆ ಸಿಕ್ಕಿತು.

ಆರ್‌ಓ ವಿಷಯ: ನೀರು ಶುದ್ಧ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರೋಟಾಗೆ ನೀರೊಂದೇ ದಾರಿಯಲ್ಲ. ಅದು ಕೈಯಿಂದ ಕೈಗೆ, ಆಟಿಕೆಯಿಂದ ಬಾಯಿಗೆ ಹೋಗುತ್ತದೆ. ನಲ್ಲಿ ನೀರನ್ನು ಹಾಗೇ ಕುಡಿಯುವ ಅಮೆರಿಕದಲ್ಲೂ ಲಸಿಕೆ ಬರುವ ಮುಂಚೆ ಐದು ವರ್ಷದೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ರೋಟಾ ಬರುತ್ತಿತ್ತು.

ದೀಪ್ತಿ, ಜರ್ಮನಿ

ಇಲ್ಲೂ ಮಕ್ಕಳಿಗೆ ರೋಟಾ ಹನಿ ಹಾಕುತ್ತಾರೆ, ನನ್ನ ಮಗನಿಗೆ ಆರನೇ ವಾರಕ್ಕೆ ಶುರು ಮಾಡಿದರು. ಹಾಕಿದ ದಿನ ನರ್ಸ್ ಒಂದು ಮಾತು ಹೇಳಿದ್ದರು. ಲಸಿಕೆಯಲ್ಲಿರುವುದು ಬಲ ಕುಂದಿಸಿದ ಜೀವಂತ ವೈರಸ್, ಕೆಲವು ದಿನ ಮಲದಲ್ಲೂ ಹೋಗುತ್ತಿರುತ್ತದೆ, ಡೈಪರ್ ಬದಲಾಯಿಸಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಿರಿ ಅಂತ. ಮನೆಯಲ್ಲಿ ಕೀಮೋ ತೆಗೆದುಕೊಳ್ಳುವವರಿದ್ದರೆ ಇನ್ನೂ ಜಾಗ್ರತೆ ಬೇಕು ಅಂದಿದ್ದರು. ಇದನ್ನು ಊರಲ್ಲಿ ಯಾರೂ ಹೇಳಿದ್ದು ಕೇಳಿಲ್ಲ.

ಫರ್ಹಾನಾ, ಕಲಬುರಗಿ

ಶಾರದಕ್ಕ, ನನ್ನದೂ ಒಂದು ಪ್ರಶ್ನೆ. ನನ್ನ ಮಗನಿಗೆ 8 ತಿಂಗಳು. ಹುಟ್ಟಿದಾಗ ತವರಿನಲ್ಲಿದ್ದೆ, ಆಮೇಲೆ ಊರು ಬದಲಾಯಿತು, ಲಸಿಕೆ ಸರಿಯಾಗಿ ಆಗಿಲ್ಲ. ಆದರೆ ಭಾನುವಾರ ಬೂತಿನಲ್ಲಿ ಹನಿ ಹಾಕಿಸಿದ್ದೇನೆ. ಅದೇ ರೋಟಾ ಅಲ್ವಾ?

ಶಾರದಮ್ಮ, ಮಂಡ್ಯ

ಅಲ್ಲ ಫರ್ಹಾನಾ, ಬೂತಿನಲ್ಲಿ ಹಾಕಿದ್ದು ಪೋಲಿಯೊ. ಅದು ಎರಡೇ ಹನಿ. ರೋಟಾ ಬೇರೆ, ಕಂಪನಿ ನೋಡಿಕೊಂಡು ಐದು ಹನಿ ಅಥವಾ ಅದಕ್ಕಿಂತ ಜಾಸ್ತಿ ಇರುತ್ತದೆ. ಕಾರ್ಡಿನಲ್ಲಿ ರೋಟಾ ಅನ್ನುವ ಸಾಲು ಖಾಲಿ ಇದ್ದರೆ ಹಾಕಿಲ್ಲ ಅಂತಲೇ ಅರ್ಥ.

ಇನ್ನೂ ಕಾಲ ಮಿಂಚಿಲ್ಲ. ಸರ್ಕಾರಿ ನಿಯಮದ ಪ್ರಕಾರ ಒಂದು ವರ್ಷ ತುಂಬುವುದರೊಳಗೆ ಮೊದಲ ಡೋಸ್ ಶುರು ಮಾಡಬಹುದು. ಆಮೇಲೆ ನಾಲ್ಕು ನಾಲ್ಕು ವಾರ ಬಿಟ್ಟು ಉಳಿದೆರಡು. ಬರುವ ಲಸಿಕೆ ದಿನವೇ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ. ಬಾಕಿ ಇರುವ ಪೆಂಟಾ, ಪಿಸಿವಿ ಕೂಡ ಅವತ್ತೇ ಕೇಳಿ.

ಫರ್ಹಾನಾ, ಕಲಬುರಗಿ

ಪ್ರೈವೇಟ್ ಡಾಕ್ಟರ್ ಒಬ್ಬರನ್ನು ಕೇಳಿದೆ ಅಕ್ಕ. ಈಗ ರೋಟಾ ಹಾಕುವ ವಯಸ್ಸು ದಾಟಿದೆ ಅಂದರು. ಯಾರ ಮಾತು ಕೇಳಲಿ?

ಶಾರದಮ್ಮ, ಮಂಡ್ಯ

ಅವರು ಸುಳ್ಳು ಹೇಳಿಲ್ಲ. ಮಕ್ಕಳ ತಜ್ಞರ ಸಂಘದ ಪಟ್ಟಿಯಲ್ಲಿ ಮೊದಲ ಡೋಸ್ 15 ವಾರದೊಳಗೆ, ಕೊನೆಯದು 8 ತಿಂಗಳೊಳಗೆ ಅಂತ ಇದೆ. ಅದಕ್ಕೆ ಕಾರಣವೂ ಇದೆ. ಲಸಿಕೆಯಾದ ಮೇಲೆ ತುಂಬಾ ಅಪರೂಪಕ್ಕೆ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸಿಕ್ಕಿಕೊಳ್ಳುವುದುಂಟು. ಅದು ತಾನಾಗಿಯೇ ಬರುವುದೂ ಆರು ತಿಂಗಳ ಆಸುಪಾಸಿನಲ್ಲೇ ಜಾಸ್ತಿ. ಅದಕ್ಕೇ ಮೊದಲ ಡೋಸನ್ನು ಬೇಗ ಮುಗಿಸಿ ಅನ್ನುತ್ತಾರೆ. ಸರ್ಕಾರದವರು, ತಡವಾಗಿ ಬರುವ ಮಕ್ಕಳೇ ಭೇದಿಯಿಂದ ಜಾಸ್ತಿ ನರಳುವವರು, ಅವರನ್ನು ಹೊರಗಿಡಬಾರದು ಅಂತ ಒಂದು ವರ್ಷದವರೆಗೆ ಬಾಗಿಲು ತೆರೆದಿಟ್ಟಿದ್ದಾರೆ. ನನ್ನನ್ನು ಕೇಳಿದರೆ ಹಾಕಿಸು ಅಂತೀನಿ. ಆದರೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಮಗುವನ್ನು ನೋಡಿ ಹೇಳಲಿ.

ಹನಿ ಹಾಕಿದ ಮೇಲಿನ ಒಂದೆರಡು ವಾರ ಒಂದು ಗಮನ ಇರಲಿ. ಮಗು ಸ್ವಲ್ಪ ಸ್ವಲ್ಪ ಹೊತ್ತಿಗೆ ಕಾಲು ಮಡಚಿಕೊಂಡು ಚೀರಿ ಅತ್ತು, ಮಧ್ಯೆ ಸುಸ್ತಾಗಿ ಸುಮ್ಮನಾದರೆ, ವಾಂತಿ ಮಾಡಿದರೆ, ಮಲದಲ್ಲಿ ಕೆಂಪು ಲೋಳೆ ಕಂಡರೆ ಬೆಳಗಾಗಲಿ ಅಂತ ಕಾಯಬೇಡ. ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗು.

ರೂಪಾ, ತಿಪಟೂರು

ಅಮ್ಮ, ಇನ್ನೊಂದು ಅನುಮಾನ. ಮೂರನೇ ಹನಿ ಹಾಕಿದಾಗ ಒಂದಿಷ್ಟು ತುಟಿಯಿಂದ ಇಳಿದುಹೋಯಿತು. ತಕ್ಷಣ ಹಾಲೂ ಕುಡಿಸಿದ್ದೆ. ಅದರಿಂದ ಏನಾದರೂ?

ಶಾರದಮ್ಮ, ಮಂಡ್ಯ

ಹಾಲು ಕುಡಿಸಿದ್ದರಿಂದ ಏನೂ ಆಗುವುದಿಲ್ಲ. ಹನಿಗೆ ಮುಂಚೆಯೂ ಕೊಡಬಹುದು, ಆಮೇಲೂ ಕೊಡಬಹುದು. ಹೆಚ್ಚುಪಾಲು ಹೊರಗೆ ಬಂದಿದ್ದರೆ ಸಿಸ್ಟರ್ ಅಲ್ಲೇ ಇನ್ನೊಂದು ಡೋಸ್ ಹಾಕುತ್ತಿದ್ದರು. ತುಟಿಯಂಚಿನಲ್ಲಿ ಒಂದಿಷ್ಟು ಇಳಿದದ್ದು ಲೆಕ್ಕಕ್ಕಿಲ್ಲ. ಅದನ್ನು ಮರೆತುಬಿಡು.

ಈಗ ಡಬ್ಬಿ, ಬಾಟಲಿಗೆ ಬರುತ್ತೇನೆ. ಇವತ್ತು ಸಂಜೆ ಒಂದು ಕೆಲಸ ಮಾಡು. ತೊಳೆದಿಟ್ಟ ಬಾಟಲಿಯ ಮುಚ್ಚಳದ ಬಳೆ ಬಿಚ್ಚಿ ನಿಪ್ಪಲ್ ಹೊರಗೆ ತೆಗೆ. ಅದನ್ನು ಒಳಗಿನದು ಹೊರಗೆ ಬರುವಂತೆ ಮಗುಚಿ ಬೆರಳಿನಿಂದ ಉಜ್ಜಿ ನೋಡು. ಬಳೆಯ ಮರೆಯ ಒಳಗೂ ಬೆರಳಾಡಿಸು. ಜಾರುಜಾರಾಗಿ ಲೋಳೆ ಹತ್ತಿದರೆ, ಮೂಸಿದಾಗ ಹುಳಿ ವಾಸನೆ ಬಂದರೆ, ಹಾಲಿನ ಜಿಡ್ಡು ಅಲ್ಲೇ ಉಳಿದಿದೆ ಅಂತ. ಬಿಸಿನೀರು ಹಾಕಿ ಅಲ್ಲಾಡಿಸಿದರೆ ಅದು ಹೋಗುವುದಿಲ್ಲ. ಬ್ರಷ್, ಸೋಪು ಹಾಕಿ ಉಜ್ಜಿದ ಮೇಲೆ ಬಿಡಿಬಿಡಿಯಾಗಿ ನೀರಿನಲ್ಲಿ ಮುಳುಗಿಸಿ ಹತ್ತು ನಿಮಿಷ ಕುದಿಸಬೇಕು. ದಿನಕ್ಕೆ ಇಷ್ಟು ಸಲ ಇದನ್ನು ಮಾಡಲು ಯಾರಿಗೆ ಆಗುತ್ತದೆ? ಅದಕ್ಕೇ ಬಾಟಲಿ ಬಿಟ್ಟುಬಿಡಿ ಅನ್ನುವುದು. ಹತ್ತು ತಿಂಗಳ ಮಗು ಪುಟ್ಟ ಸ್ಟೀಲ್ ಲೋಟದಲ್ಲಿ ಕುಡಿಯುತ್ತದೆ. ಒಂದು ವಾರ ಮೈಮೇಲೆಲ್ಲ ಚೆಲ್ಲಿಕೊಳ್ಳುತ್ತದೆ, ಆಮೇಲೆ ಕಲಿಯುತ್ತದೆ. ಲೋಟಕ್ಕೆ ಮೂಲೆ ಇಲ್ಲ, ಸಂದಿ ಇಲ್ಲ. ಸೋಪು ಹಾಕಿ ಉಜ್ಜಿ, ಕುದಿಯುವ ನೀರು ಹುಯ್ದರೆ ಮುಗಿಯಿತು. ಹಾಲಿಗೆ ಅರ್ಧ ನೀರು ಬೆರೆಸುವುದೂ ಬೇಡ. ಅದರಿಂದ ಹೊಟ್ಟೆ ತುಂಬುತ್ತದೆಯೇ ಹೊರತು ಮೈ ಹತ್ತುವುದಿಲ್ಲ. ತೂಕ ನಿಂತದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ರಾಗಿ ಸರಿ ಏಳಕ್ಕೆ ಮಾಡಿ ಮೂರಕ್ಕೆ ಉಣ್ಣಿಸಿದರೆ ಎಂಟು ಗಂಟೆ ಆಯಿತು. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ, ಮುಚ್ಚಿದ ಡಬ್ಬಿಯಲ್ಲಿ, ಬೆಚ್ಚಗಿನ ತೆಳು ಗಂಜಿ. ಕ್ರಿಮಿ ಬೆಳೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಮೇಲೆ ಬಿಸಿನೀರು ಕಲಸಿದರೆ ಉಗುರುಬೆಚ್ಚಗೆ ಆಗುತ್ತದೆ, ಕ್ರಿಮಿ ಸಾಯುವುದಿಲ್ಲ. ಮಾಡಿದ ಎರಡು ಗಂಟೆಯೊಳಗೆ ಉಣ್ಣಿಸಬೇಕು. ಮಗು ಉಂಡು ಬಿಟ್ಟದ್ದನ್ನು ಎತ್ತಿಡಬಾರದು, ಎಂಜಲು ಚಮಚ ಅದರೊಳಗೆ ಹೋಗಿ ಬಂದಿರುತ್ತದೆ.

ರೂಪಾ, ತಿಪಟೂರು

ಈಗಷ್ಟೇ ನೋಡಿದೆ. ಬಳೆಯ ಒಳಗೆ ಬಿಳಿ ಲೋಳೆ ಇತ್ತು ಅಮ್ಮ. ಅತ್ತೆಗೂ ತೋರಿಸಿದೆ, ಅವರಿಗೇ ಬೇಜಾರಾಯಿತು. ಆದರೆ ಅವರಿಗೆ ಮಂಡಿ ನೋವು. ಮೂರು ಹೊತ್ತೂ ಒಲೆ ಮುಂದೆ ನಿಂತು ಸರಿ ಮಾಡಿ ಅಂತ ಹೇಗೆ ಹೇಳಲಿ?

ಸವಿತಾ, ಶಿರಸಿ

ನಮ್ಮ ಮನೆಯಲ್ಲೂ ಇದೇ ಪರಿಸ್ಥಿತಿ ಇತ್ತು ರೂಪಾ. ನಾನು ರಾಗಿ ಹಿಟ್ಟನ್ನು ಹದವಾಗಿ ಹುರಿದು ಒಣ ಡಬ್ಬಿಯಲ್ಲಿ ಇಟ್ಟಿರುತ್ತಿದ್ದೆ. ಬೆಳಿಗ್ಗೆ ಒಂದೊಂದು ಹೊತ್ತಿಗೆ ಬೇಕಾದಷ್ಟು ಹಿಟ್ಟು ಬೇರೆ ಬೇರೆ ಪುಟ್ಟ ಬಟ್ಟಲಿಗೆ ಅಳೆದು, ಪಕ್ಕದಲ್ಲೇ ಸಣ್ಣ ಪಾತ್ರೆ ಇಟ್ಟು ಹೋಗುತ್ತಿದ್ದೆ. ಅಮ್ಮ ತಣ್ಣೀರಿನಲ್ಲಿ ಕದಡಿ ಒಲೆ ಮೇಲಿಟ್ಟು ತಿರುಗಿಸಿದರೆ ಬೇಗ ಆಗುತ್ತಿತ್ತು. ಮಧ್ಯಾಹ್ನ ಆಗದಿದ್ದರೆ ಬಾಳೆಹಣ್ಣು ಅಲ್ಲೇ ಸುಲಿದು, ಕೈ ತೊಳೆದು ಕಿವುಚಿ ಕೊಡುತ್ತಿದ್ದರು. ಇನ್ನೊಂದು, ಎದೆಹಾಲು ಹಿಂಡಿಟ್ಟು ಹೋಗಬಹುದು. ಫ್ರಿಜ್ ಇದ್ದರೆ ಹಸುವಿನ ಹಾಲಿನ ಗೋಜೇ ಬೇಡ.

ಶಾರದಮ್ಮ, ಮಂಡ್ಯ

ಸವಿತಾ ಹೇಳಿದ್ದು ಚೆನ್ನಾಗಿದೆ. ಹಿಂಡಿದ ಹಾಲನ್ನು ಕುದಿಸಿದ, ಮುಚ್ಚಳ ಇರುವ ಸ್ಟೀಲ್ ಪಾತ್ರೆಯಲ್ಲಿ ತಕ್ಷಣ ಫ್ರಿಜ್‌ನಲ್ಲಿ ಇಡಬೇಕು, ಅವತ್ತೇ ಕೊಟ್ಟು ಮುಗಿಸಬೇಕು. ಬೆಚ್ಚಗೆ ಮಾಡಲು ಒಲೆ ಮೇಲೆ ಇಡಬೇಡಿ. ಬಿಸಿನೀರಿನ ಬಟ್ಟಲಿನಲ್ಲಿ ಪಾತ್ರೆ ಇಟ್ಟರೆ ಸಾಕು.

ಕೈ ವಿಷಯವೂ ಕೇಳು ರೂಪಾ. ಮಗುವಿನ ಮಲ ತೊಳೆಯುವುದು ಬಚ್ಚಲಲ್ಲಿ, ಸೋಪು ಇರುವುದು ಅಡುಗೆಮನೆ ಸಿಂಕ್ ಹತ್ತಿರ. ಮಧ್ಯೆ ಬಾಗಿಲ ಚಿಲಕ, ಮಗುವಿನ ಆಟಿಕೆ, ನಲ್ಲಿ ಎಲ್ಲ ಮುಟ್ಟಿ ಆಗಿರುತ್ತದೆ. ನಾನು ಮನೆ ಭೇಟಿಗೆ ಹೋದಲ್ಲೆಲ್ಲ ಇದನ್ನೇ ನೋಡಿದ್ದೇನೆ. ಮಗುವನ್ನು ತೊಳೆಯುವ ಜಾಗದಲ್ಲೇ ಒಂದು ಸೋಪು ಇಡಿ. ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಳ್ಳಬೇಡಿ, ಬೆಳಿಗ್ಗೆಯಿಂದ ಆ ಸೆರಗು ಏನೇನು ಒರೆಸಿದೆಯೋ. ಹಾಗೇ ಆರಲು ಬಿಡಿ. ಹಾಲು ಕುಡಿಯುವ ಕೂಸಿನ ಮಲದಲ್ಲಿ ದೋಷ ಇಲ್ಲ ಅಂತ ಬಚ್ಚಲಿಗೇ ಬಿಡುತ್ತಾರೆ, ಅಲ್ಲೇ ಪಾತ್ರೆಯನ್ನೂ ತೊಳೆಯುತ್ತಾರೆ. ರೋಟಾ ಹರಡುವುದು ಹೆಚ್ಚಾಗಿ ಕೂಸುಗಳ ಮಲದಿಂದಲೇ. ಅದು ಕಕ್ಕಸಿಗೇ ಹೋಗಬೇಕು.

ವಿಜಯಲಕ್ಷ್ಮಮ್ಮ, ಅರಸೀಕೆರೆ

ಎಲ್ಲ ಸರಿ ಶಾರದಮ್ಮ. ಆದರೆ ಹಲ್ಲಿನ ಭೇದಿ ಸುಳ್ಳು ಅಂತೀರಾ? ಕಣ್ಣಾರೆ ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ.

ಶಾರದಮ್ಮ, ಮಂಡ್ಯ

ನೀವು ನೋಡಿದ್ದು ನಿಜ ವಿಜಯಮ್ಮ, ಎರಡೂ ಒಂದೇ ಕಾಲಕ್ಕೆ ಬರುತ್ತವೆ. ಆರು ತಿಂಗಳಿಗೆ ತಾಯಿಯಿಂದ ಬಂದ ರಕ್ಷಣೆ ಇಳಿಯುತ್ತದೆ, ಮೇಲಿನ ಆಹಾರ ಶುರುವಾಗುತ್ತದೆ, ಮಗು ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ವಸಡು ಕಡಿಯುವುದರಿಂದ ಇನ್ನೂ ಜಾಸ್ತಿ. ಹಲ್ಲು ಭೇದಿ ತರುವುದಿಲ್ಲ, ಬಾಯಿಗೆ ಹೋದದ್ದು ತರುತ್ತದೆ. ಹಲ್ಲಿನ ಭೇದಿ ಅಂತ ಸುಮ್ಮನಿದ್ದು, ಒಣಗಿಹೋದ ಮೇಲೆ ಕರೆತಂದ ಮಕ್ಕಳನ್ನು ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಹೇಳುವುದು.

ಬಜೆಯನ್ನು ನಾನು ಕೊಡಬೇಡಿ ಅಂತೀನಿ. ತೇಯುವ ಕಲ್ಲು, ಒಳಲೆಯ ಮೂತಿ ಎರಡರಲ್ಲೂ ಕ್ರಿಮಿ ಕೂರುತ್ತದೆ.

ವಿಜಯಲಕ್ಷ್ಮಮ್ಮ, ಅರಸೀಕೆರೆ

ಕಲ್ಲು, ಒಳಲೆ ಕುದಿಸಿ ಇಡಲು ಸೊಸೆಗೆ ಹೇಳುತ್ತೇನೆ. ಬಜೆ ಬಿಡುವ ಮಾತು ನನಗೆ ಒಪ್ಪಿಗೆ ಇಲ್ಲ.

ಸವಿತಾ, ಶಿರಸಿ

ರೂಪಾ, ಜಿಂಕ್ ಕೊಟ್ಟಿರಾ? ನಮಗೆ 14 ದಿನ ಕೊಡಲೇಬೇಕು ಅಂದಿದ್ದರು.

ರೂಪಾ, ತಿಪಟೂರು

ಜನವರಿಯಲ್ಲಿ ಮಾತ್ರ ಕೊಟ್ಟಿದ್ದರು. ಭೇದಿ ನಿಂತ ಮೇಲೆ ಮಾತ್ರೆ ಉಳಿದಿತ್ತು, ಮತ್ತೆ ಕೊಡಲಿಲ್ಲ.

ಶಾರದಮ್ಮ, ಮಂಡ್ಯ

ಹೆಚ್ಚಿನ ಮನೆಗಳಲ್ಲಿ ಹೀಗೇ ಆಗುತ್ತದೆ. ನಿಂತ ಮೇಲೂ ಪೂರ್ತಿ 14 ದಿನ ಕೊಡಬೇಕು. ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಬರುವ ಸಾಧ್ಯತೆಯನ್ನು ಅದು ಕಡಿಮೆ ಮಾಡುತ್ತದೆ. ಆರು ತಿಂಗಳ ಮೇಲಿನ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನ ಒಂದು ಮಾತ್ರೆ, ಚಮಚದಲ್ಲಿ ಎದೆಹಾಲಿನಲ್ಲೋ ಕುದಿಸಿ ಆರಿಸಿದ ನೀರಿನಲ್ಲೋ ಕರಗಿಸಿ. ಆರು ತಿಂಗಳೊಳಗಿನವರಿಗೆ ಅರ್ಧ ಮಾತ್ರೆ. ಆಶಾ ಹತ್ತಿರ, ಅಂಗನವಾಡಿಯಲ್ಲಿ ಕೇಳಿದರೆ ಸಿಗುತ್ತದೆ.

ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಬೇಕು. ಅರ್ಧ ಪ್ಯಾಕೆಟ್ ಅಂದಾಜಿನಲ್ಲಿ ಕಲಸಬೇಡಿ, ಬೇಕಾದರೆ 200 ಎಂಎಲ್‌ನ ಚಿಕ್ಕ ಪ್ಯಾಕೆಟ್ ತನ್ನಿ. ಪ್ರತಿ ಸಲ ಭೇದಿಯಾದ ಮೇಲೆ ಕಾಲು ಲೋಟದಿಂದ ಅರ್ಧ ಲೋಟ, ಚಮಚ ಚಮಚವಾಗಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಕೊಡಿ. ಅಂಗಡಿಯ ಟೆಟ್ರಾ ಪ್ಯಾಕಿನ ಹಣ್ಣಿನ ರಸದ ಥರದ್ದು ಬೇಡ, ಅದರಲ್ಲಿ ಸಕ್ಕರೆ ಜಾಸ್ತಿ, ಭೇದಿ ಇನ್ನೂ ಏರುತ್ತದೆ. ಕಣ್ಣು ಗುಳಿ ಬಿದ್ದರೆ, ಆರು ಗಂಟೆಯಾದರೂ ಉಚ್ಚೆ ಹೊಯ್ಯದಿದ್ದರೆ, ಕುಡಿಯಲು ಬಾಯಿ ತೆರೆಯದೆ ಮಂಕಾಗಿ ಮಲಗಿದರೆ, ಮಲದಲ್ಲಿ ರಕ್ತ ಕಂಡರೆ, ಮನೆಯಲ್ಲಿ ಇಟ್ಟುಕೊಳ್ಳಬೇಡ.

ತೂಕ ಎರಡು ತಿಂಗಳಿಂದ ಏರಿಲ್ಲ ಅಂದೆಯಲ್ಲ, ಅದಕ್ಕೆ ನಾನು ಇಲ್ಲಿಂದ ಉತ್ತರ ಹೇಳಲಾರೆ. ಈ ವಾರವೇ ಕಾರ್ಡ್ ತೆಗೆದುಕೊಂಡು ಮಕ್ಕಳ ಡಾಕ್ಟರಿಗೆ ತೋರಿಸು. ಈಗ ಬರೆದ ನಾಲ್ಕು ಸಲದ ವಿವರವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗು.

ಮಂಜುನಾಥ್, ಬೆಂಗಳೂರು

ಮೇಡಂ, ಒಂದು ಸಲ ರೋಟಾ ಬಂದು ಹೋದರೆ ಮತ್ತೆ ಬರುವುದಿಲ್ಲ ಅಲ್ವಾ? ಹಾಗಾದರೆ ರೂಪಾ ಅವರ ಮಗುವಿಗೆ ಆ ಭಯ ಮುಗಿಯಿತು.

ಶಾರದಮ್ಮ, ಮಂಡ್ಯ

ಮತ್ತೆ ಬರಬಹುದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಗಗನ್‌ದೀಪ್ ಕಾಂಗ್ ಅವರ ತಂಡ, ಹುಟ್ಟಿದಾಗಿನಿಂದ ಮೂರು ವರ್ಷದವರೆಗೆ ಮಕ್ಕಳನ್ನು ಬಿಡದೆ ಗಮನಿಸಿತ್ತು. ಒಂದೇ ಮಗುವಿಗೆ ಮತ್ತೆ ಮತ್ತೆ ರೋಟಾ ತಗುಲಿದ್ದು ಅದರಲ್ಲಿ ಕಂಡಿತು. ಸಲದಿಂದ ಸಲಕ್ಕೆ ಜೋರು ಮಾತ್ರ ಇಳಿಯುತ್ತಾ ಹೋಗುತ್ತದೆ. ನಿಮ್ಮ ಮಗನೂ ಡೇ ಕೇರ್‌ಗೆ ಹೋಗುತ್ತಿದ್ದರೆ, ಅಲ್ಲಿ ಡೈಪರ್ ಬದಲಾಯಿಸುವ ಜಾಗದ ಪಕ್ಕ ಸೋಪು, ನಲ್ಲಿ ಇದೆಯಾ ಅಂತ ಒಂದು ಸಲ ನೋಡಿ ಬನ್ನಿ.

ಫರ್ಹಾನಾ, ಕಲಬುರಗಿ

ಶಾರದಕ್ಕ, ಆಶಾ ಅಕ್ಕನಿಗೆ ಫೋನ್ ಮಾಡಿದೆ. ಗುರುವಾರ ಬಾ, ಡಾಕ್ಟರನ್ನೂ ಕೇಳೋಣ ಅಂದರು. ಮಗುವಿಗೆ ಈಗ ಸ್ವಲ್ಪ ನೆಗಡಿ ಇದೆ, ಹಾಕಬಹುದಾ?

ಶಾರದಮ್ಮ, ಮಂಡ್ಯ

ನೆಗಡಿಗೆ ನಿಲ್ಲಿಸಬೇಡ, ಹೋಗು. ಜೋರು ಜ್ವರವೋ, ತುಂಬಾ ಭೇದಿಯೋ ಇದ್ದರೆ ಮಾತ್ರ ವಾಸಿಯಾಗುವ ತನಕ ತಡೆಯುತ್ತಾರೆ. ಹಳೆಯ ಕಾರ್ಡ್ ಇದ್ದರೆ ಮರೆಯದೆ ಒಯ್ಯಿ, ತವರಿನಲ್ಲಿ ಯಾವ ಯಾವ ಲಸಿಕೆ ಆಗಿದೆ ಅಂತ ಅದರಲ್ಲೇ ಗೊತ್ತಾಗುವುದು.